ಅತಿಥಿ ಪರಿಚಯಕ್ಕೆ ಗಾದೆಯೋ, ವಚನದ ಸಾಲೋ?

ಊರಿನ ರಾಜ್ಯೋತ್ಸವದಲ್ಲಿ ಕೃಷಿಕರೊಬ್ಬರನ್ನು ಸಭೆಗೆ ಪರಿಚಯಿಸಬೇಕಾಗಿದೆ ಎಂದುಕೊಳ್ಳೋಣ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಎಲ್ಲರಿಗೂ ತಿಳಿದಿರುವುದರಿಂದ ವಿವರಣೆ ಬೇಡುವುದಿಲ್ಲ. ಅದರ ಬೆನ್ನಿಗೇ ಅವರು ಬರಡು ನೆಲದಲ್ಲಿ ಕೃಷಿಹೊಂಡ ತೋಡಿದ ಸಂಗತಿ ಬಂದರೆ ಗಾದೆ ಅವರದೇ ಮಾತಾಗುತ್ತದೆ. ಆದರೆ ದುಡಿದೂ ಸಾಲದಲ್ಲಿರುವ ರೈತರ ಮುಂದೆ ಅದೇ ಗಾದೆ ನೋಯಿಸುತ್ತದೆ, ಏಕೆಂದರೆ ಅದು ದುಡಿಮೆಗೆ ಫಲ ಖಚಿತವೆನ್ನುತ್ತದೆ.

ಉಲ್ಲೇಖದ ತೊಡಕು ಬೇರೆ ಬಗೆಯದು. ಉಪನ್ಯಾಸಕರ ಮಾತುಗಾರಿಕೆಯನ್ನು ಹೊಗಳಲು ಬಸವಣ್ಣನವರ ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂಬ ಸಾಲನ್ನು ಬಳಸುವುದು ರೂಢಿ. ಆದರೆ ಆ ವಚನ ಮುಗಿಯುವುದು, ನುಡಿದಂತೆ ನಡೆಯದಿದ್ದರೆ ಕೂಡಲಸಂಗಮದೇವನು ಹೇಗೆ ಒಲಿಯುತ್ತಾನೆ ಎಂಬ ಪ್ರಶ್ನೆಯಲ್ಲಿ. ವಚನ ಬಲ್ಲ ಕೇಳುಗರು ಆ ಕೊನೆಯನ್ನು ನೆನೆಯುತ್ತಾರೆ, ಹೊಗಳಿಕೆ ಪರೀಕ್ಷೆಯಾಗುತ್ತದೆ. ನುಡಿದಂತೆ ನಡೆದವರೆಂದು ಊರೇ ಬಲ್ಲ ನಿವೃತ್ತ ಶಿಕ್ಷಕರಿಗಾದರೆ, ಕೊನೆಯ ಸಾಲನ್ನೂ ಸೇರಿಸಿ ಹೇಳಿದಾಗ ಅದಕ್ಕಿಂತ ಆತ್ಮೀಯವಾದ ಪರಿಚಯ ನನಗೆ ತೋಚದು.

ಆಯ್ಕೆಗೆ ಮೊದಲು ಅತಿಥಿಯ ಹೆಸರನ್ನು ಬದಲಿಸಿ ಓದಿ ನೋಡಬೇಕು: ಸಾಲು ಯಾರಿಗಾದರೂ ಹೊಂದುವಂತಿದ್ದರೆ, ಅದನ್ನು ಬಿಟ್ಟು ಕೃಷಿಹೊಂಡದಿಂದಲೇ ಆರಂಭಿಸುವುದು ಲೇಸು.