ಕಡಲ ಜೇಡಿಗೆ ಟ್ಯೂಬ್ ಸ್ಯಾಂಪಲ್ಲೋ, ಫೀಲ್ಡ್ ವೇನೋ?

ಕರಾವಳಿಯಲ್ಲಿ ಸಣ್ಣ ಪ್ರಮಾಣದ ಮಣ್ಣು ಪರೀಕ್ಷೆ ಮಾಡಿಸುವವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು. ಮೆದು ಜೇಡಿಯ ಬಲ ತಿಳಿಯಲು ಮಣ್ಣನ್ನು ಟ್ಯೂಬಿನಲ್ಲಿ ತೆಗೆದು ಲ್ಯಾಬ್‌ಗೆ ಕಳಿಸಬೇಕೋ, ನೆಲದೊಳಗೇ ರೆಕ್ಕೆ ತಿರುಗಿಸಿ ಅಳೆಯುವ ಫೀಲ್ಡ್ ವೇನ್ ಬಳಸಬೇಕೋ? ನನ್ನ ಒಲವು ಮೊದಲೇ ಹೇಳಿಬಿಡುತ್ತೇನೆ: ಫೀಲ್ಡ್ ವೇನ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಸೆಟ್ ಒಂದನ್ನು ಕೊಂಡೆ. ಅದಕ್ಕೆ ಕೊಟ್ಟ ದುಡ್ಡು ಉಡುಪಿ ಕಡೆಯ ಒಂದು ಅಳಿವೆ ಬಾಗಿಲಿನ ಸೈಟ್‌ನಲ್ಲೇ ವಸೂಲಾಯಿತು. ಅಲ್ಲಿ ಒಂದೇ ಜಾಗದಲ್ಲಿ, ಮೂರು ಮೀಟರ್ ಆಳದಲ್ಲಿ, ಎರಡೂ ವಿಧಾನ ಮಾಡಿ ನೋಡಿದ್ದರಿಂದ ಈ ಹೋಲಿಕೆ ಬರೆಯಲು ಧೈರ್ಯ ಬಂದಿದೆ.

ಮಣ್ಣಿನ ಸ್ವಭಾವ ಮೊದಲು. ಉಪ್ಪು ನೀರಿನಲ್ಲಿ ತಳ ಸೇರಿದ ಜೇಡಿಯ ಕಣಗಳು ಒಂದರ ಅಂಚು ಇನ್ನೊಂದರ ಮುಖಕ್ಕೆ ತಾಗಿ, ನಡುವೆ ನೀರು ತುಂಬಿದ ಸಡಿಲ ಹಂದರ ಕಟ್ಟಿಕೊಂಡಿರುತ್ತವೆ. ಹೆಪ್ಪುಗಟ್ಟಿದ ಮೊಸರಿನ ಹಾಗೆ: ಮುಟ್ಟದಿದ್ದರೆ ನಿಂತಿರುತ್ತದೆ, ಕಡೆದರೆ ಹರಿಯುತ್ತದೆ. ನೀರಿನ ಪ್ರಮಾಣ ಅಷ್ಟೇ ಇದ್ದರೂ ಹಂದರ ಮುರಿದ ಮೇಲೆ ಬಲ ಉಳಿಯುವುದಿಲ್ಲ. ಮುಟ್ಟದ ಮಣ್ಣಿನ ಬಲವನ್ನು ಕಲಸಿದ ಮಣ್ಣಿನ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸೆನ್ಸಿಟಿವಿಟಿ.

ಮೊದಲು ಟ್ಯೂಬ್. ಬೋರ್‌ಹೋಲ್ ತಳಕ್ಕೆ ಟ್ಯೂಬ್ ಇಳಿಸಿ, ಮಣ್ಣು ತುಂಬಿಸಿ, ಮೇಣ ಹಾಕಿ ಮುಚ್ಚಿ ಲ್ಯಾಬ್‌ಗೆ ಕಳಿಸುವುದು ರೂಢಿ. ತಲೆನೋವು ಶುರುವಾಗುವುದು ಟ್ಯೂಬಿನ ದಪ್ಪದಿಂದಲೇ. ಒಳವ್ಯಾಸ 100 ಮಿ.ಮೀ., ಹೊರವ್ಯಾಸ 110 ಮಿ.ಮೀ. ಇರುವ ಟ್ಯೂಬ್ ನಮ್ಮ ಡ್ರಿಲ್ಲಿಂಗ್ ತಂಡದ ಬಳಿ ಇತ್ತು. ಲೆಕ್ಕ ಹಾಕಿದರೆ ಅದರ ಏರಿಯಾ ರೇಶಿಯೊ 21 ಪ್ರತಿಶತ, ಅಂದರೆ ಒಳಗೆ ಬರುವ ಮಣ್ಣಿನ ಐದನೇ ಒಂದು ಭಾಗಕ್ಕೂ ಹೆಚ್ಚಿನಷ್ಟು ಮಣ್ಣನ್ನು ಅದರ ಗೋಡೆಯೇ ತಳ್ಳಿ ಜಾಗ ಮಾಡಿಕೊಳ್ಳುತ್ತದೆ. ಮೆದು ಜೇಡಿಗೆ ಇದು ಸುಮಾರು 10 ಪ್ರತಿಶತದೊಳಗೆ ಇರಬೇಕು. ಹೊರವ್ಯಾಸ 104 ಮಿ.ಮೀ. ಇರುವ ತೆಳು ಟ್ಯೂಬ್ ಆದರೆ ಸುಮಾರು 8ಕ್ಕೆ ಇಳಿಯುತ್ತದೆ. ಆದರೆ ತೆಳು ಟ್ಯೂಬನ್ನು ನಿಧಾನವಾಗಿ ಒಂದೇ ಓಟದಲ್ಲಿ ಒತ್ತಬೇಕು, ಸುತ್ತಿಗೆಯಿಂದ ಹೊಡೆಯುವಂತಿಲ್ಲ. ಮೇಸ್ತ್ರಿ ಮಾತ್ರ "ಎರಡು ಪೆಟ್ಟು ಹಾಕಿದ್ರೆ ಇಳೀತದೆ ಸರ್, ಸುಮ್ನೆ ಯಾಕೆ ಟೈಮ್ ವೇಸ್ಟ್" ಅನ್ನುತ್ತಾರೆ. ಇಳಿಯುವುದೇನೋ ಹೌದು, ಆ ಎರಡು ಪೆಟ್ಟಿನಲ್ಲೇ ಹಂದರ ಅರ್ಧ ಹೋಗಿರುತ್ತದೆ.

ಉಳಿದರ್ಧ ದಾರಿಯಲ್ಲಿ ಹೋಗುತ್ತದೆ. ಟ್ಯೂಬುಗಳು ಜೀಪಿನ ಹಿಂದೆ ಅಡ್ಡ ಮಲಗಿ, ಮಳೆಗಾಲ ಮುಗಿದ ಮೇಲಿನ ರಸ್ತೆಯಲ್ಲಿ ಕುಲುಕಿಕೊಂಡು ಲ್ಯಾಬ್ ಸೇರಿ, ಅಲ್ಲಿ ಸರದಿ ಕಾಯುತ್ತವೆ. ಆಮೇಲೆ ಯಾರೋ ಅದನ್ನು ಜಾಕ್‌ನಿಂದ ಹೊರದೂಡಿ, 38 ಮಿ.ಮೀ. ವ್ಯಾಸದ ತುಂಡು ಕೊರೆದು, ಯಂತ್ರದಡಿ ಇಟ್ಟು ಒತ್ತುತ್ತಾರೆ. ವರದಿ ಬಂದಾಗ ಕೊನೆಯ ಟೇಬಲ್ ನೋಡಿ ಬಿಡಬೇಡಿ, ಗ್ರಾಫ್ ಕೇಳಿ ತರಿಸಿಕೊಳ್ಳಿ. ಒಳ್ಳೆಯ ಸ್ಯಾಂಪಲ್ ಆದರೆ ಸ್ವಲ್ಪವೇ ಕುಗ್ಗುವಷ್ಟರಲ್ಲಿ ಗೆರೆ ಶಿಖರ ಮುಟ್ಟಿ ಕೆಳಗಿಳಿಯುತ್ತದೆ. ಕೆಟ್ಟ ಸ್ಯಾಂಪಲ್‌ಗೆ ಶಿಖರವೇ ಇರುವುದಿಲ್ಲ. 10–15 ಪ್ರತಿಶತ ಕುಗ್ಗಿದರೂ ಗೆರೆ ಸೋಮಾರಿಯಾಗಿ ಏರುತ್ತಲೇ ಇರುತ್ತದೆ. ನನಗೆ ಬಂದದ್ದು ಎರಡನೆಯದು.

ಲ್ಯಾಬ್ ಕೊಟ್ಟ ಬಲ 8 ಕಿಲೋಪಾಸ್ಕಲ್, ಕಲಸಿದ ಮೇಲೆ 3. ಸೆನ್ಸಿಟಿವಿಟಿ 2.7, ಅಂದರೆ ಅಂಥ ಭಯಪಡುವ ಮಣ್ಣೇನಲ್ಲ. ಇಲ್ಲೇ ಮೋಸವಿರುವುದು. ಸ್ಯಾಂಪಲ್ ಕೆಟ್ಟರೆ ಬಲ ಕಡಿಮೆ ಬರುತ್ತದೆ, ಪರವಾಗಿಲ್ಲ, ಸೇಫ್ ಸೈಡ್ ಅಂತ ಎಂಜಿನಿಯರುಗಳು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಅರ್ಧ ಕಲಸಿಹೋದ ಮಣ್ಣನ್ನು ಪೂರ್ತಿ ಕಲಸಿದ ಮಣ್ಣಿಗೆ ಹೋಲಿಸಿದರೆ ವ್ಯತ್ಯಾಸ ಚಿಕ್ಕದಾಗಿಯೇ ಕಾಣುತ್ತದೆ. ಬಲದ ವಿಷಯದಲ್ಲಿ ಸೇಫ್ ಆದ ತಪ್ಪು, ಸೆನ್ಸಿಟಿವಿಟಿ ವಿಷಯದಲ್ಲಿ ಅಪಾಯದ ಕಡೆಗೆ ವಾಲುತ್ತದೆ.

ಈಗ ವೇನ್. ಕಂಬಿಯ ತುದಿಯಲ್ಲಿ ನಾಲ್ಕು ರೆಕ್ಕೆ, ನನ್ನದು 65 ಮಿ.ಮೀ. ಅಗಲ, 130 ಮಿ.ಮೀ. ಎತ್ತರ. ಬೋರ್‌ಹೋಲ್ ತಳದಿಂದ ಅದರ ವ್ಯಾಸದ ಐದು ಪಟ್ಟು ಕೆಳಗೆ, ಮುಟ್ಟದ ಮಣ್ಣಿಗೆ ಒತ್ತಿ, ಸೆಕೆಂಡಿಗೆ 0.1 ಡಿಗ್ರಿಯಂತೆ ತಿರುಗಿಸಬೇಕು. ಈ ಅಳತೆಯ ರೆಕ್ಕೆಯಲ್ಲಿ ಒಂದು ಅನುಕೂಲ ಇದೆ: ಸೂತ್ರಕ್ಕೆ ಹಾಕಿದರೆ ಒಂದು ನ್ಯೂಟನ್-ಮೀಟರ್ ತಿರುಚು ಅಂದರೆ ಹತ್ತಿರಹತ್ತಿರ ಒಂದು ಕಿಲೋಪಾಸ್ಕಲ್. ಕ್ಯಾಲ್ಕುಲೇಟರ್ ಬೇಡ. ಮುಳ್ಳು 15ರವರೆಗೆ ಹೋಗಿ ಕುಸಿಯಿತು. ಕೂಡಲೇ ಕಂಬಿಯನ್ನು ಬೇಗಬೇಗ ಹತ್ತು ಸುತ್ತು ತಿರುಗಿಸಿ, ಒಂದು ನಿಮಿಷದೊಳಗೆ ಮತ್ತೆ ನಿಧಾನವಾಗಿ ತಿರುಗಿಸಿದರೆ ಬಂದದ್ದು 3. ಸೆನ್ಸಿಟಿವಿಟಿ 5. ಅದೇ ಮಣ್ಣು, ಅದೇ ಆಳ.

ಆದರೂ 15ನ್ನು ಹಾಗೇ ಡಿಸೈನಿಗೆ ಹಾಕಬೇಡಿ. ವೇನ್ ತಿರುಗುವ ವೇಗಕ್ಕೆ ಅಂಟು ಮಣ್ಣು ನಿಜಕ್ಕಿಂತ ಹೆಚ್ಚು ಬಲ ತೋರಿಸುತ್ತದೆ. ನಾರ್ವೆಯ ಮಣ್ಣು ತಜ್ಞ ಬ್ಯೆರುಮ್ 1972ರಲ್ಲಿ ಕೊಟ್ಟ ತಿದ್ದುಪಡಿಯ ಪ್ರಕಾರ, ಜೇಡಿಯ ಅಂಟುತನ ಸೂಚಿಸುವ ಪ್ಲಾಸ್ಟಿಸಿಟಿ ಇಂಡೆಕ್ಸ್ 50ರ ಆಸುಪಾಸಿಗೆ ಸುಮಾರು 0.8ರಿಂದ ಗುಣಿಸಬೇಕು, 12 ಆಯಿತು. ಇನ್ನೊಂದು ಕಿರಿಕಿರಿ ಮರುವಾಯಿ ಚಿಪ್ಪು. ರೆಕ್ಕೆಗೆ ಸಿಕ್ಕರೆ ಮುಳ್ಳು ಹಾರಿ, ಕಿರ್ ಅಂತ ಕಂಬಿಯಲ್ಲಿ ಕೈಗೇ ಗೊತ್ತಾಗುತ್ತದೆ. ಆ ಓದನ್ನು ಹೊಡೆದುಹಾಕಿ ಅರ್ಧ ಮೀಟರ್ ಕೆಳಗೆ ಮತ್ತೆ ಮಾಡಬೇಕು. ಮರಳಿನ ಪದರದಲ್ಲಂತೂ ವೇನ್ ಕೆಲಸಕ್ಕೆ ಬಾರದು.

ಈ ವ್ಯತ್ಯಾಸದಿಂದ ಸೈಟಿನಲ್ಲಿ ಏನಾಗುತ್ತದೆ ಅಂದರೆ, ನಮಗೆ ಎರಡು ಮೀಟರ್ ಆಳದ ಹೊಂಡ ಬೇಕಿತ್ತು. ನೇರ ಗೋಡೆ ತಾತ್ಕಾಲಿಕವಾಗಿ ನಿಲ್ಲುವ ಗರಿಷ್ಠ ಎತ್ತರ ಎಂದರೆ ಸರಿಸುಮಾರು ಬಲದ ನಾಲ್ಕು ಪಟ್ಟನ್ನು ಮಣ್ಣಿನ ತೂಕದಿಂದ, ಇಲ್ಲಿ ಘನ ಮೀಟರಿಗೆ 15 ಕಿಲೋನ್ಯೂಟನ್, ಭಾಗಿಸಿದಷ್ಟು. ಲ್ಯಾಬ್‌ನ 8ಕ್ಕೆ 2.1 ಮೀಟರ್, ವೇನ್‌ನ 12ಕ್ಕೆ 3.2 ಮೀಟರ್. ಕಲಸಿದ 3ಕ್ಕೆ ಬರೀ 0.8 ಮೀಟರ್. ಲ್ಯಾಬ್ ವರದಿ ಮಾತ್ರ ಓದಿದವರು ಮಣ್ಣು ದುರ್ಬಲ ಎಂದು ದೊಡ್ಡ ಶೀಟ್ ಪೈಲ್ ತರಿಸಿ, ಅದನ್ನು ವೈಬ್ರೇಟರ್‌ನಿಂದ ಇಳಿಸಿ, ಇದ್ದ ಬಲವನ್ನೂ ಕಳೆಯುತ್ತಾರೆ. ವೇನ್ ಹೇಳುವುದು ಬೇರೆ: ಮಣ್ಣು ಅಷ್ಟು ಕೆಟ್ಟದ್ದಲ್ಲ, ಕಲಸಬೇಡಿ. ಹಾಗಾಗಿ ಹಗುರ ಶೀಟನ್ನು ಒತ್ತಿ ಇಳಿಸಿ ಆಸರೆ ಕೊಟ್ಟೆವು (ಜನ ಇಳಿಯುವ ಹೊಂಡಕ್ಕೆ ಲೆಕ್ಕ ಏನೇ ಹೇಳಲಿ, ಆಸರೆ ಬೇಕೇ ಬೇಕು). ಜೆಸಿಬಿ ಹೊಂಡಕ್ಕೆ ಇಳಿಯಲಿಲ್ಲ, ಹಲ್ಲಿಲ್ಲದ ಬಕೆಟ್‌ನಿಂದ ಮೇಲಿನಿಂದಲೇ ಎಳೆಯಿತು. ಕೊನೆಯ 30 ಸೆಂ.ಮೀ. ಕೈಯಿಂದ ತೆಗೆದು ಅದೇ ದಿನ ಪಿಸಿಸಿ ಹಾಕಿದೆವು. ಅಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಲು ಬಿಡಲಿಲ್ಲ.

ರಾಶಿಯ ವಿಷಯಕ್ಕೆ ಬಂದರೆ ನಾರ್ವೆಯ ರಿಸ್ಸಾ ನೆನಪಾಗುತ್ತದೆ. 1978ರ ಏಪ್ರಿಲ್‌ನಲ್ಲಿ ಅಲ್ಲಿ ಕೊಟ್ಟಿಗೆ ವಿಸ್ತರಣೆಗೆ ಅಗೆದ ಸುಮಾರು 700 ಘನ ಮೀಟರ್ ಮಣ್ಣನ್ನು ಕೆರೆಯಂಚಿಗೆ ಸುರಿದಿದ್ದೇ ನೆಪವಾಗಿ 50 ಲಕ್ಷ ಘನ ಮೀಟರಿಗೂ ಹೆಚ್ಚು ನೆಲ ಹರಿದುಹೋಯಿತು. ಅದು ಸಿಹಿನೀರು ಉಪ್ಪನ್ನು ತೊಳೆದ, ಕಲಕಿದರೆ ದ್ರವದಂತೆ ಹರಿಯುವ ಕ್ವಿಕ್ ಕ್ಲೇ, ಸೆನ್ಸಿಟಿವಿಟಿ ನನ್ನ ಸೈಟಿಗಿಂತ ಎಷ್ಟೋ ಪಟ್ಟು. ಇಲ್ಲಿ ಅಷ್ಟು ಆಗುವುದಿಲ್ಲ, ಆದರೆ ಪಕ್ಕದ ಮನೆಯ ಕಾಂಪೌಂಡ್ ಗೋಡೆ ವಾಲಲು ಅಷ್ಟು ಬೇಕಾಗಿಯೂ ಇಲ್ಲ.

ನೆಲಕ್ಕೆ ಶಂಕು ಒತ್ತಿ ಅಳೆಯುವ ಸಿಪಿಟಿ ಒಳ್ಳೆಯದು, ನನ್ನ ಬಜೆಟ್ಟಿಗೆ ದೂರ. ಪಿಸ್ಟನ್ ಸ್ಯಾಂಪ್ಲರ್ ಇನ್ನೂ ಒಳ್ಳೆಯದು, ಅದನ್ನು ತಾಳ್ಮೆಯಿಂದ ಇಳಿಸುವ ತಂಡ ಸಿಕ್ಕರೆ. ಹತ್ತಾರು ಮಹಡಿ ಕಟ್ಟುವವರು ಇವೆರಡನ್ನೂ ಬಿಡಬಾರದು. ಮೂರು ಮಹಡಿ, ಸಣ್ಣ ಜೆಟ್ಟಿ, ಕಾಲುಸಂಕದಂಥ ನನ್ನ ಕೆಲಸಗಳಿಗೆ ಬಲವನ್ನೂ ಸೆನ್ಸಿಟಿವಿಟಿಯನ್ನೂ ವೇನ್‌ನಿಂದ ತೆಗೆದುಕೊಳ್ಳುತ್ತೇನೆ. ಟ್ಯೂಬ್ ಪೂರ್ತಿ ಬಿಟ್ಟಿಲ್ಲ: ಕುಸಿತ ಎಷ್ಟು ಅಂತ ತಿಳಿಯಲು ಕನ್ಸಾಲಿಡೇಶನ್ ಪರೀಕ್ಷೆಗೆ ಮಣ್ಣು ಬೇಕೇ ಬೇಕು. ಅದಕ್ಕೆ ತೆಳು ಟ್ಯೂಬ್ ನಾನೇ ಕೊಂಡೊಯ್ಯುತ್ತೇನೆ, ಒತ್ತುವಾಗ ಪಕ್ಕದಲ್ಲೇ ನಿಂತಿರುತ್ತೇನೆ, ವಾಪಸ್ ಬರುವಾಗ ನೆಟ್ಟಗೆ ನಿಲ್ಲಿಸಿ ಫೋಮ್ ತುಂಬಿದ ಪೆಟ್ಟಿಗೆಯಲ್ಲಿ ತರುತ್ತೇನೆ.