ಟೊಮೆಟೊ ಟೈಮರ್ ಜೊತೆ 14 ತಿಂಗಳು: ಇಪ್ಪತ್ತೈದು ನಿಮಿಷ ಯಾರೂ ಸುಮ್ಮನೆ ಬಿಡದ ಆಫೀಸಿನಿಂದ

ಮೊದಲೇ ಹೇಳಿಬಿಡುತ್ತೇನೆ, ಟೈಮರ್ ಇಟ್ಟುಕೊಂಡು ಕೆಲಸ ಮಾಡುವ ಪೊಮೊದೊರೊ ವಿಧಾನಕ್ಕೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಮೊದಲ ಮೂರು ವಾರಕ್ಕೆ ಕೇಳಿದ್ದರೆ ಒಂದು ಕೊಡುತ್ತಿದ್ದೆ.

ನಾನು ತುಮಕೂರಿನ ವಸಂತನರಸಾಪುರದ ಕಡೆ ಒಂದು ಚಿಕ್ಕ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬಿಲ್ಲಿಂಗು, ಪೇಮೆಂಟು, ಜಿಎಸ್‌ಟಿ, ಲಾರಿಗೆ ಇ-ವೇ ಬಿಲ್, ಎಲ್ಲಾ ಒಂದೇ ಮೇಜಿನ ಮೇಲೆ. ಆ ಮೇಜು ಬಾಗಿಲ ಪಕ್ಕದಲ್ಲೇ ಇದೆ, ಹಾಗಾಗಿ ಒಳಗೆ ಬರುವವರೆಲ್ಲ ಮೊದಲು ನನ್ನನ್ನೇ ಏನಾದರೂ ಕೇಳಿ ಮುಂದೆ ಹೋಗುತ್ತಾರೆ, ಕೆಲವರು ಬಾತ್‌ರೂಮ್ ಬೀಗದ ಕೈ ಎಲ್ಲಿ ಅಂತಲೂ.

ವಿಧಾನ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬಾತ 1980ರ ದಶಕದ ಕೊನೆಯಲ್ಲಿ, ಓದುವ ಹುಡುಗನಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ್ದು. ಪೊಮೊದೊರೊ ಅಂದರೆ ಅವರ ಭಾಷೆಯಲ್ಲಿ ಟೊಮೆಟೊ. (ಕೋಲಾರದವರಿಗೆ ಗೊತ್ತಾದರೆ ಹಕ್ಕು ಕೇಳಬಹುದು.) 25 ನಿಮಿಷ ಒಂದೇ ಕೆಲಸ, ಅದೇ ಒಂದು ಟೊಮೆಟೊ, ಆಮೇಲೆ 5 ನಿಮಿಷ ವಿರಾಮ, ನಾಲ್ಕು ಸುತ್ತಾದ ಮೇಲೆ ದೊಡ್ಡ ವಿರಾಮ. ನಡುವೆ ಕೆಲಸ ಮುರಿದುಬಿದ್ದರೆ ಆ ಟೊಮೆಟೊ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ.

ಈ ಕೊನೆಯ ನಿಯಮವೇ ನನ್ನನ್ನು ಸಾಯಿಸಿದ್ದು. ಮೊದಲ ದಿನ ಹನ್ನೊಂದು ಸಲ ಟೈಮರ್ ತಿರುಗಿಸಿದೆ, ಎರಡೇ ಪೂರ್ತಿಯಾದವು. ಅದರಲ್ಲಿ ಒಂದು ಎಲ್ಲರೂ ಊಟಕ್ಕೆ ಹೋಗಿದ್ದಾಗ. ಮೂರು ವಾರ ಹೀಗೇ ಒದ್ದಾಡಿ ಟೈಮರ್ ಡ್ರಾಯರ್ ಒಳಗೆ ಹಾಕಿದೆ.

ಆಮೇಲೆ ಮೂಲ ವಿಧಾನವನ್ನು ಸರಿಯಾಗಿ ಓದಿದಾಗ ಗೊತ್ತಾಯಿತು, ಅಡ್ಡಿಗಳ ಬಗ್ಗೆ ಅದರಲ್ಲೇ ಬೇಕಾದಷ್ಟಿದೆ. ಎಲ್ಲರೂ 25-5 ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ. ಕೆಲಸದ ನಡುವೆ ಯಾರಾದರೂ ಬಂದರೆ ಹಾಳೆಯ ಮೇಲೆ ಒಂದು ಅಡ್ಡಗೆರೆ. ನಿಮ್ಮ ಮನಸ್ಸೇ ಎಲ್ಲಿಗೋ ಓಡಿದರೆ ಮೇಲೆ ಒಂದು ಸಣ್ಣ ಗೀಟು, (') ಹೀಗೆ. ಅಷ್ಟೇ, ಇದಕ್ಕೆ ಒಂದು ಸೆಕೆಂಡೂ ಬೇಡ. ಟೈಮರ್ ಮುಟ್ಟದೆ ಒಂದು ವಾರ ಬರೀ ಗೆರೆ ಹಾಕಿದೆ.

ನಾಚಿಕೆಯಾಯಿತು. ಬುಧವಾರದ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ, ಬೇರೆಯವರು ಬಂದದ್ದು ಒಂಬತ್ತು ಸಲ, ನಾನೇ ಓಡಿಹೋದದ್ದು ಹದಿನಾಲ್ಕು ಸಲ. ಯಾರೂ ಕೇಳಿರಲಿಲ್ಲ, ಸುಮ್ನೆ ಫೋನ್ ತಿರುಗಿಸಿ ನೋಡಿದ್ದು, ಬ್ಯಾಂಕ್ ಬ್ಯಾಲೆನ್ಸ್ ನೋಡಿದ್ದು, ಮನೆಗೆ ಮೆಸೇಜ್ ಮಾಡಿದ್ದು. ಅಷ್ಟು ದಿನ ಬೈದದ್ದೆಲ್ಲ ಸ್ಟೋರ್ಸ್ ಅಣ್ಣನನ್ನು.

ಅದೇ ಗೆರೆಗಳಿಂದ ಇನ್ನೊಂದು ವಿಷಯ ಸಿಕ್ಕಿತು. ಬೆಳಗ್ಗೆ ಒಂದು ಅಡ್ಡಿಗೂ ಇನ್ನೊಂದಕ್ಕೂ ನಡುವೆ ಹೆಚ್ಚಾಗಿ ಹದಿನೈದು-ಇಪ್ಪತ್ತು ನಿಮಿಷ ಇರುತ್ತಿತ್ತು. ಇಪ್ಪತ್ತೈದು ಇರುತ್ತಲೇ ಇರಲಿಲ್ಲ. ಹಾಗಿದ್ದ ಮೇಲೆ 25ರ ಟೊಮೆಟೊ ಬೇಯುವುದು ಹೇಗೆ? ನಾನು 15ಕ್ಕೆ ಇಳಿಸಿದೆ. ನೀವೂ ಯಾರೋ ಹೇಳಿದರು ಅಂತ 15 ಇಡಬೇಡಿ, ಒಂದು ವಾರ ಗೆರೆ ಹಾಕಿ ನೋಡಿ. ನಿಮ್ಮ ಕಡೆ ಅದು 10 ಇರಬಹುದು, 20 ಇರಬಹುದು.

ಈಗ ನನ್ನ ಸುತ್ತು ಹೀಗಿದೆ: 15 ನಿಮಿಷ ಕೆಲಸ, 3 ನಿಮಿಷ ಎದ್ದು ನೀರು ಕುಡಿಯುವುದು, ಮತ್ತೆ 15 ನಿಮಿಷ ಕೆಲಸ, ಆಮೇಲೆ 10 ನಿಮಿಷ ಬಾಕಿ ತೀರಿಸುವುದು. ಬಾಕಿ ಅಂದರೆ ವಾಟ್ಸಾಪ್‌ಗೆ ಉತ್ತರ, ಬಿಟ್ಟುಹೋದ ಕರೆಗಳು, "ಆಮೇಲೆ ಬರ್ತೀನಿ" ಅಂದವರ ಹತ್ತಿರ ಹೋಗುವುದು. ಮೊದಲು ಇದನ್ನೆಲ್ಲ ಸಣ್ಣ ವಿರಾಮದಲ್ಲೇ ತುರುಕುತ್ತಿದ್ದೆ. ಆಗ ವಿರಾಮವೂ ಇಲ್ಲ, ಉತ್ತರವೂ ಅರ್ಧ, ಮಧ್ಯಾಹ್ನದ ಹೊತ್ತಿಗೆ ತಲೆ ಮೊಸರು. ಎರಡನ್ನೂ ಬೇರೆ ಮಾಡಿದ ಮೇಲೆಯೇ ಇದು ನಿಂತದ್ದು.

ಇದರಲ್ಲಿ ಒಂದು ಲೆಕ್ಕ ಇದೆ ನೋಡಿ. ಯಾರು ಯಾವಾಗ ಬಂದರೂ ಹೆಚ್ಚೆಂದರೆ 33 ನಿಮಿಷ ಕಾಯಬೇಕು, ಅದಕ್ಕಿಂತ ಜಾಸ್ತಿ ಇಲ್ಲ. ಇದನ್ನು ನಾನು ಆಫೀಸಿನಲ್ಲಿ ಬಾಯಿಬಿಟ್ಟು ಹೇಳಿದೆ. "ನನಗೆ ತೊಂದರೆ ಕೊಡಬೇಡಿ" ಅಂದರೆ ಜನಕ್ಕೆ ಸಿಟ್ಟು ಬರುತ್ತದೆ, "ಅರ್ಧ ಗಂಟೆ ಒಳಗೆ ನಾನೇ ಬರ್ತೀನಿ" ಅಂದರೆ ಯಾರಿಗೂ ಬೇಜಾರಿಲ್ಲ.

ಆದರೆ ಹೋಗಲೇಬೇಕು. ಸಿರಿಲ್ಲೊ ಹೇಳುವುದೂ ಇದನ್ನೇ: ಕೆಲಸದಲ್ಲಿದ್ದೇನೆ ಅಂತ ತಿಳಿಸು, ಯಾವಾಗ ಅಂತ ಒಪ್ಪಿಸು, ಬರೆದಿಟ್ಟುಕೋ, ಆಮೇಲೆ ನೀನೇ ಹೋಗು. ನಾಲ್ಕನೆಯದನ್ನು ಎರಡು ಸಲ ತಪ್ಪಿಸಿದರೆ ಮುಂದಿನ ಸಲ ಅವರು ಕಾಯುವುದಿಲ್ಲ, ಬಂದು ಮೇಜಿನ ಮುಂದೆ ನಿಲ್ಲುತ್ತಾರೆ. ನನಗೆ ಆಗಿದೆ. ಸ್ಟೋರ್ಸ್ ಅಣ್ಣ ಒಂದು ದಿನ "ನಿಮ್ಮ ಅರ್ಧ ಗಂಟೆ ಯಾವ ಊರಿಂದಮ್ಮ?" ಅಂದರು. ಆವತ್ತಿಂದ ಹೆಸರು ಮತ್ತು ಹೊತ್ತು ಎರಡನ್ನೂ ಹಾಳೆಯ ಮೇಲೆ ಬರೆಯುತ್ತೇನೆ.

ಒಂದು ದಿನದ ಕಥೆ ಹೇಳುತ್ತೇನೆ, ಕಳೆದ ತಿಂಗಳು 16ನೇ ತಾರೀಖಿನದು. 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಬರುತ್ತದೆ, ಅಂದರೆ ನಮಗೆ ಮಾಲು ಕೊಟ್ಟವರು ತೋರಿಸಿರುವ ಬಿಲ್ಲುಗಳ ಪಟ್ಟಿ. ಅದನ್ನು ನಮ್ಮ ಖರೀದಿ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ಹಾಕಿ 20ರೊಳಗೆ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಕಟ್ಟಬೇಕು. ಅವತ್ತು 212 ಬಿಲ್ಲು. ಎಂಟು ಟೊಮೆಟೊ ಬೇಕು ಅಂತ ಅಂದಾಜು ಹಾಕಿ ಹಾಳೆಯಲ್ಲಿ ಎಂಟು ಚೌಕ ಬರೆದೆ.

9:35ಕ್ಕೆ ಶುರು. ಮೊದಲ ಮೂರು ಸಲೀಸಾಗಿ ಹೋದವು. ನಡುವೆ ಎರಡು ಅಡ್ಡಗೆರೆ ಬಿತ್ತು, ಎರಡೂ "ಆ ಪೇಮೆಂಟ್ ಹೋಯ್ತಾ?" ಅನ್ನುವ ಥರದವು, 10:08ರ ಬಾಕಿ ಹೊತ್ತಿನಲ್ಲಿ ಹೋಗಿ ಹೇಳಿ ಬಂದೆ. ನಾಲ್ಕನೆಯದು ಶುರುವಾಗಿ ಎಂಟು ನಿಮಿಷ, ಅಂದರೆ 10:44ಕ್ಕೆ, ಗೇಟಿನಿಂದ ಕರೆ. ಬರಬೇಕಾದ ಲಾರಿ ಕೆಟ್ಟಿದೆ, ಬೇರೆ ಲಾರಿ ಬಂದಿದೆ. 50,000 ರೂಪಾಯಿ ಮೀರಿದ ಮಾಲು, ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರ್ ಬದಲಾಗದೆ ರಸ್ತೆಗೆ ಇಳಿಯುವ ಹಾಗಿಲ್ಲ. ಇದು 33 ನಿಮಿಷ ಕಾಯುವ ಕೆಲಸ ಅಲ್ಲವಲ್ಲ. ಡ್ರೈವರ್‌ಗೆ "ಗಂಟೆ ಹೊಡೀಲಿ ಅಣ್ಣ" ಅನ್ನೋಕಾಗುತ್ತಾ?

ಏಳುವ ಮುಂಚೆ ಒಂದು ಸಾಲು ಬರೆದೆ: "118ನೇ ಬಿಲ್, ತೆರಿಗೆ 180 ಜಾಸ್ತಿ, ಅವರ ಬಿಲ್ ನಂಬರ್ ನೋಡಬೇಕು." ಇದು ನಾನೇ ಸೇರಿಸಿಕೊಂಡ ನಿಯಮ, ಇಡೀ ವಿಧಾನದಲ್ಲಿ ನನಗೆ ಅತಿ ಹೆಚ್ಚು ಉಳಿಸಿಕೊಟ್ಟಿದ್ದೂ ಇದೇ. ಮೊದಲು ಹೀಗೆ ಎದ್ದು ಬಂದರೆ ಎಲ್ಲಿದ್ದೆ ಅಂತ ಹುಡುಕಲು ಹತ್ತು ಬಿಲ್ಲು ಹಿಂದಕ್ಕೆ ಹೋಗಿ ಮತ್ತೆ ತಾಳೆ ಹಾಕುತ್ತಿದ್ದೆ, ಅಥವಾ ಇನ್ನೂ ಕೆಟ್ಟದು, ನೋಡದ ಬಿಲ್ಲಿಗೆ ನೋಡಿದೆ ಅಂತ ಟಿಕ್ ಹಾಕುತ್ತಿದ್ದೆ. ಈಗ ಸಾಲು ಓದಿದರೆ ಸಾಕು, ಕೈ ಅಲ್ಲಿಗೇ ಹೋಗುತ್ತದೆ. ಸಾಲು ಬರೆಯಲು ಹತ್ತು ಸೆಕೆಂಡು. "ಒಂದ್ನಿಮಿಷ" ಅಂದರೆ ಯಾರೂ ಬೇಡ ಅನ್ನುವುದಿಲ್ಲ.

10:56ಕ್ಕೆ ವಾಪಸ್. ಮುರಿದ ಟೊಮೆಟೊಗೆ ಚೌಕದಲ್ಲಿ ಸೊನ್ನೆ ಹಾಕಿ ಹೊಸದಾಗಿ 15 ತಿರುಗಿಸಿದೆ. ಎಂಟನೆಯದು ಮುಗಿದಾಗ 12:37. ಹನ್ನೊಂದು ಬಿಲ್ಲು ಮಾತ್ರ ತಾಳೆಯಾಗದೆ ಉಳಿದಿತ್ತು, ಅವರವರಿಗೆ ಫೋನ್ ಮಾಡುವ ಕೆಲಸ, ಅದನ್ನು ಮಧ್ಯಾಹ್ನಕ್ಕೆ ಬಿಟ್ಟೆ. ಎರಡು ಗಂಟೆ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು, ನಿಜ. ಮುಂಚೆ ಇದೇ ಕೆಲಸ ಮಾರನೇ ದಿನಕ್ಕೂ ಎಳೆಯುತ್ತಿತ್ತು.

ಫೋನ್ ಬಗ್ಗೆ. ಫೋನಿನಲ್ಲೇ ಟೈಮರ್ ಇಟ್ಟರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಎಷ್ಟು ನಿಮಿಷ ಉಳಿದಿದೆ ಅಂತ ನೋಡಲು ಎತ್ತಿದರೆ ಮೇಲೆ ಏಳು ಮೆಸೇಜ್ ಕಾಣುತ್ತದೆ. ನನ್ನದು ತಿರುಗಿಸುವ ಅಡುಗೆಮನೆ ಟೈಮರ್. ಫೋನ್‌ಗೆ ಡು ನಾಟ್ ಡಿಸ್ಟರ್ಬ್ ಹಾಕಿ, ಸ್ಟಾರ್ ಮಾಡಿದ ನಾಲ್ಕು ನಂಬರಿನ ಕರೆ ಮಾತ್ರ ಬರುವ ಹಾಗೆ ಮಾಡಿ, ಡ್ರಾಯರ್ ಒಳಗಿಡುತ್ತೇನೆ: ಮನೆ, ಮಗನ ಸ್ಕೂಲು, ಗೇಟು, ಸಾರ್. ಮೆಸೇಜ್ ಯಾರದೇ ಆಗಲಿ ಬಾಕಿ ಹೊತ್ತಿಗೆ.

ಟೈಮರಿನ ಟಿಕ್‌ಟಿಕ್ ಶಬ್ದಕ್ಕೆ ಪಕ್ಕದ ಮೇಜಿನ ಹುಡುಗಿ ವಾರಗಟ್ಟಲೆ ಗೊಣಗಿದಳು, ಈಗ ಕೆಳಗೆ ಮಡಚಿದ ಬಟ್ಟೆ ಇಟ್ಟಿದ್ದೇನೆ. ಆದರೆ ಗಂಟೆ ಶಬ್ದ ತೆಗೆಯಲಿಲ್ಲ. ಅದು ನನಗಿಂತ ಉಳಿದವರಿಗೆ ಜಾಸ್ತಿ ಕೆಲಸಕ್ಕೆ ಬಂತು. ಟಿಣ್ ಅಂದ ತಕ್ಷಣ ಡಿಸ್ಪ್ಯಾಚ್ ಹುಡುಗ ತಲೆ ಎತ್ತುತ್ತಾನೆ, "ಅಕ್ಕ, ಈಗ ಬರ್ಲಾ?" ಅನ್ನುತ್ತಾನೆ. ನಾನು ಹೇಳಿಕೊಟ್ಟಿದ್ದಲ್ಲ.

ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಬೇಕು. ನಾಲ್ಕು ಗಂಟೆ ಮೇಲೆ ಲಾರಿ ತುಂಬುವ ಹೊತ್ತು, ಆಗ ಐದು ನಿಮಿಷವೂ ಸಿಗುವುದಿಲ್ಲ. ಮೊದಲು ಆಗಲೂ ಹಟ ಹಿಡಿದು ತಿರುಗಿಸುತ್ತಿದ್ದೆ, ಹಾಳೆ ತುಂಬಾ ಸೊನ್ನೆ, ತಲೆ ಬಿಸಿ. ಈಗ ಮೂರೂಮುಕ್ಕಾಲಿಗೆ ಟೈಮರ್ ಒಳಗೆ. ಸಂಜೆಗೆ ಮುರಿದರೂ ನಷ್ಟವಿಲ್ಲದ ಕೆಲಸ ಉಳಿಸಿಕೊಳ್ಳುತ್ತೇನೆ, ವೋಚರ್ ಫೈಲ್ ಮಾಡುವುದು ಥರದ್ದು. ಒಂದು ಬೆಳಗ್ಗೆ ನಾಲ್ಕಕ್ಕಿಂತ ಜಾಸ್ತಿ ಸೊನ್ನೆ ಬಿದ್ದರೆ ಅವತ್ತು ವಿಧಾನದ ತಪ್ಪಲ್ಲ, ದಿನವೇ ಬೇರೆ ಅಂತ ಬಿಟ್ಟುಬಿಡುತ್ತೇನೆ. ಇನ್ನು ಕೌಂಟರಿನಲ್ಲಿ ಕೂತವರಿಗೆ, ಜನ ಬರುವುದೇ ಕೆಲಸ ಆದವರಿಗೆ, ಇದು ಬೇಡವೇ ಬೇಡ.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಸಾರ್ ಲೆಕ್ಕದಲ್ಲಿ. ಮಾಲೀಕರಿಗೆ 33 ನಿಮಿಷ ಕಾಯಿರಿ ಅಂತ ಹೇಳುವ ದಾರಿ ಯಾವ ಇಟಲಿಯವರೂ ಹೇಳಿಕೊಟ್ಟಿಲ್ಲ. ಮೊದಲ ದಿನ ಟೈಮರ್ ನೋಡಿ "ಏನಮ್ಮ, ಅಡುಗೆ ಇಲ್ಲೇನಾ?" ಅಂದಿದ್ದರು. ಈಗ ಅವರಿಗೂ ಅಭ್ಯಾಸವಾಗಿದೆ. ಬಂದವರೇ ಟೈಮರ್ ಕಡೆ ಬಗ್ಗಿ ನೋಡುತ್ತಾರೆ, "ಎಷ್ಟಿದೆ?" ಅನ್ನುತ್ತಾರೆ. "ಆರು ನಿಮಿಷ ಸಾರ್" ಅಂದರೆ "ಮುಗಿಸು ಮುಗಿಸು" ಅಂತ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತು, ಗಂಟೆ ಹೊಡೆಯುವವರೆಗೂ ನನ್ನ ಸ್ಕ್ರೀನನ್ನೇ ನೋಡುತ್ತಿರುತ್ತಾರೆ.