ಜೋಲ್ಪಿಡೆಮ್ 5 ಮಿಲಿಗ್ರಾಂ: ಎರಡು ವರ್ಷದ ಬಳಕೆ ಮತ್ತು ಭಾರಿ ಊಟದ ರಾತ್ರಿಗಳು

ಈ ನಿದ್ದೆ ಮಾತ್ರೆಯನ್ನು ಡಾಕ್ಟರ್ ಚೀಟಿ ಮೇಲೆ ಎರಡು ವರ್ಷದಿಂದ ಆಗಾಗ ತೆಗೆದುಕೊಳ್ಳುತ್ತಿದ್ದೇನೆ. ದಿನಾ ಅಲ್ಲ, ವಾರಕ್ಕೆ ಒಂದೆರಡು ರಾತ್ರಿ. ಕೆಲವು ತಿಂಗಳಿಗೊಮ್ಮೆ ಡಾಕ್ಟರ್ ಕರೆಸಿ, ಇದು ಇನ್ನೂ ಬೇಕಾ ಅಂತ ವಿಚಾರಿಸುತ್ತಾರೆ. ಮೊದಲ ಎರಡು ತಿಂಗಳು ನಾನು ಇದಕ್ಕೆ ಐದರಲ್ಲಿ ಎರಡು ಅಂಕ ಕೊಡುತ್ತಿದ್ದೆ. ಒಂದು ದಿನ ಇಪ್ಪತ್ತು ನಿಮಿಷದಲ್ಲಿ ನಿದ್ದೆ, ಇನ್ನೊಂದು ದಿನ ಒಂದೂವರೆ ಗಂಟೆ ಹೊರಳಾಟ. ಮಾತ್ರೆ ಅದೇ, ಪಟ್ಟಿಯೂ ಅದೇ. ಆಮೇಲೆ ತಿಳಿಯಿತು, ಬದಲಾಗುತ್ತಿದ್ದದ್ದು ನನ್ನ ಊಟ.

ತಪ್ಪು ಶುರುವಾದದ್ದು ಹಳೇ ಅಭ್ಯಾಸದಿಂದ. ಮಾತ್ರೆ ಅಂದರೆ ಊಟ ಆದ ಮೇಲೆ ಅಂತ ಚಿಕ್ಕಂದಿನಿಂದ ತಲೆಗೆ ಹತ್ತಿಬಿಟ್ಟಿದೆ ಅಲ್ವಾ? ನೋವಿನ ಮಾತ್ರೆಗೆ ಅದು ಸರಿ, ಹೊಟ್ಟೆ ಉರಿಯಬಾರದಲ್ಲ. ನಿದ್ದೆ ಮಾತ್ರೆಯ ವಿಷಯದಲ್ಲಿ ಇದೇ ಅಡ್ಡಗಾಲು ಹಾಕುತ್ತದೆ.

ಈ ಮಾತ್ರೆ ರಕ್ತ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನಿಂದ. ಹೊಟ್ಟೆ ಖಾಲಿ ಇದ್ದರೆ ನೀರಿನ ಜೊತೆ ಬೇಗ ಅಲ್ಲಿಗೆ ಹೋಗುತ್ತದೆ. ಭಾರಿ ಊಟ, ಅದರಲ್ಲೂ ಜಿಡ್ಡು ಜಾಸ್ತಿ ಇರುವ ಊಟ ಆಗಿದ್ದರೆ ಕಥೆ ಬೇರೆ. ಕೊಬ್ಬು ಸಣ್ಣ ಕರುಳಿಗೆ ಸ್ವಲ್ಪ ತಲುಪುತ್ತಿದ್ದ ಹಾಗೆ, ಅಲ್ಲಿಂದ ಹಾರ್ಮೋನುಗಳು ಹೊರಟು ಜಠರಕ್ಕೆ ‘ಸ್ವಲ್ಪ ತಡೀ’ ಅನ್ನುತ್ತವೆ. ಜಠರದ ಕೆಳಬಾಗಿಲು ಬಿಗಿಯಾಗುತ್ತದೆ, ಊಟ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ದೊಡ್ಡ ಊಟ ಪೂರ್ತಿ ಇಳಿಯಲು ನಾಲ್ಕು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ನಮ್ಮ ಮಾತ್ರೆ ಕರಗಿ ಆ ರಾಶಿಯಲ್ಲೇ ಸೇರಿಕೊಂಡು ಸರದಿಗೆ ಕಾಯುತ್ತದೆ.

ಎಷ್ಟು ತಡ? ಔಷಧಿಯ ಅಧಿಕೃತ ಮಾಹಿತಿ ಪತ್ರದಲ್ಲೇ ಲೆಕ್ಕ ಇದೆ. 30 ಆರೋಗ್ಯವಂತ ಗಂಡಸರಿಗೆ 10 ಮಿಲಿಗ್ರಾಂ ಮಾತ್ರೆಯನ್ನು ಒಮ್ಮೆ ಖಾಲಿ ಹೊಟ್ಟೆಯಲ್ಲಿ, ಇನ್ನೊಮ್ಮೆ ಊಟವಾಗಿ 20 ನಿಮಿಷಕ್ಕೆ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಔಷಧಿ ರಕ್ತದಲ್ಲಿ ತುತ್ತತುದಿಗೆ ಏರಲು ಸರಾಸರಿ 1.4 ಗಂಟೆ ಹಿಡಿಯಿತು. ಊಟದ ನಂತರ 2.2 ಗಂಟೆ. ಅಂದರೆ ಸುಮಾರು 50 ನಿಮಿಷ ತಡ. ಆ ತುದಿಯ ಎತ್ತರವೂ ಕಾಲು ಭಾಗ ತಗ್ಗಿತು. ನನಗೆ ಅನಿಸಿದ ಪ್ರಕಾರ ಈ ಎರಡನೆಯದೇ ಹೆಚ್ಚು ಮೋಸ ಮಾಡುವುದು. ಖಾಲಿ ಹೊಟ್ಟೆಯಲ್ಲಿ ನಿದ್ದೆ ಒಂದೇ ಸಲ ಬಂದು ಕವಿಯುತ್ತದೆ. ತುಂಬಿದ ಹೊಟ್ಟೆಯಲ್ಲಿ ಬರೀ ಮಂಪರು ಮಂಪರಾಗಿ ಏರುತ್ತದೆ, ಆ ಹೊತ್ತಿನಲ್ಲಿ ತಲೆಯಲ್ಲಿ ಒಂದು ಚಿಂತೆ ಓಡುತ್ತಿದ್ದರೆ ಸಾಕು, ಮಾತ್ರೆ ಕೆಲಸವೇ ಮಾಡಲಿಲ್ಲ ಅನಿಸಿಬಿಡುತ್ತದೆ.

ಹಾಗೆ ಅನಿಸಿದ ಒಂದು ರಾತ್ರಿ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಒಂದು ಸಮಾರಂಭದಿಂದ ಬಂದಿದ್ದೆ. ಹತ್ತಕ್ಕೆ ಊಟ ಮುಗಿದಿತ್ತು, ಅದೂ ಹೊಟ್ಟೆ ಬಿರಿಯುವಷ್ಟು. 10:15ಕ್ಕೆ ಮಾತ್ರೆ ನುಂಗಿ ಮಲಗಿದೆ. ಬೆಳಿಗ್ಗೆ ಆರಕ್ಕೆ ಏಳಬೇಕಿತ್ತು. 11 ಆಯಿತು, ಏನೂ ಇಲ್ಲ. 11:30 ಆಯಿತು, ಇನ್ನೂ ಕಣ್ಣು ಪಿಳಿಪಿಳಿ. ಈ ಪಟ್ಟಿಯೇ ಡಮ್ಮಿ ಇರಬೇಕು ಅಂತ ಬೈದುಕೊಂಡು ಇನ್ನೊಂದು ನುಂಗಿದೆ. ಮೇಲಿನ ಲೆಕ್ಕ ಈಗ ಹಾಕಿ ನೋಡಿ. ಮೊದಲನೇ ಮಾತ್ರೆ ತುದಿ ಮುಟ್ಟಬೇಕಿದ್ದದ್ದೇ 12:30ರ ಹೊತ್ತಿಗೆ. ಅದು ಕೈಕೊಟ್ಟಿರಲಿಲ್ಲ, ದಾರಿಯಲ್ಲಿತ್ತು ಅಷ್ಟೇ. ಎರಡನೆಯದು ಅದರ ಬೆನ್ನಿಗೇ ಬಂದು ಸೇರಿತು.

ನಿದ್ದೆಯೇನೋ ಚೆನ್ನಾಗಿಯೇ ಬಂತು. ಆದರೆ ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡೂವರೆ ಗಂಟೆ ಬೇಕು, ಹೊಟ್ಟೆ ತುಂಬಿದ್ದರೂ ಖಾಲಿ ಇದ್ದರೂ ಅಷ್ಟೇ. ಎರಡನೇ ಮಾತ್ರೆ ನುಂಗಿದ್ದಕ್ಕೂ ಅಲಾರಾಂಗೂ ನಡುವೆ ಇದ್ದದ್ದು ಆರೂವರೆ ಗಂಟೆ ಮಾತ್ರ. ಎದ್ದಾಗ ಗೋಡೆ ಹಿಡಿದು ಬಚ್ಚಲಿಗೆ ಹೋದೆ. ನನ್ನವರು ಮುಖ ನೋಡಿ ಗಾಡಿ ಕೀ ಕಿತ್ತಿಟ್ಟುಕೊಂಡರು. ನಾನು ಸರಿಯಾಗೇ ಇದ್ದೀನಿ ಅಂತ ವಾದ ಬೇರೆ ಮಾಡಿದ್ದೆ! ಹೆಂಗಸರಲ್ಲಿ ಈ ಔಷಧಿ ದೇಹ ಬಿಡುವುದು ಇನ್ನೂ ನಿಧಾನ. ಇದೇ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಹೆಂಗಸರ ಡೋಸನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿದರು. ನಾನು ಆ ರಾತ್ರಿ ಅದನ್ನು ವಾಪಸ್ ಹತ್ತಕ್ಕೆ ಏರಿಸಿಕೊಂಡಿದ್ದೆ, ಅದೂ ತಡರಾತ್ರಿ.

ವಿಷಯ ಹೇಳಿದಾಗ ಡಾಕ್ಟರ್ ಬೈಯಲಿಲ್ಲ. “ಒಂದು ರಾತ್ರಿಗೆ ಒಂದೇ ಮಾತ್ರೆ. ನಿದ್ದೆ ಬರಲಿಲ್ಲ ಅಂದ್ರೂ ಒಂದೇ. ಊಟ ಯಾವಾಗ ಮಾಡಿದ್ರಿ ಹೇಳಿ ನೋಡೋಣ” ಅಂದರು.

ಹಾಗಾದರೆ ಮಾತ್ರೆಯನ್ನೇ 50 ನಿಮಿಷ ಮುಂಚೆ ನುಂಗಿದರಾಯಿತಲ್ಲ ಅಂತ ನನಗೂ ಹೊಳೆದಿತ್ತು. ಒಮ್ಮೆ ಊಟದ ಜೊತೆಗೇ ನುಂಗಿ ಪಾತ್ರೆ ತೊಳೆಯುತ್ತಾ ನಿಂತೆ. ಅವತ್ತು ಊಟ ಹಗುರವಾಗಿತ್ತೋ ಏನೋ, ಸಿಂಕ್ ಮುಂದೆಯೇ ಕಾಲು ಸಡಿಲವಾಯಿತು. ಊಟ ಎಷ್ಟು ತಡ ಮಾಡುತ್ತದೆ ಅನ್ನುವುದು ಒಂದೊಂದು ದಿನ ಒಂದೊಂದು ಥರ, ಅದನ್ನು ನಂಬಿ ಲೆಕ್ಕ ಕಟ್ಟಲು ಆಗುವುದಿಲ್ಲ. ಈ ಮಾತ್ರೆ ನುಂಗಿ ಓಡಾಡುವುದು ಅಪಾಯ. ಕೆಲವರು ನಿದ್ದೆಗಣ್ಣಲ್ಲೇ ಅಡುಗೆ ಮಾಡಿದ್ದು, ಗಾಡಿ ಓಡಿಸಿದ್ದು ದಾಖಲಾಗಿದೆ. ಹಾಗೇನಾದರೂ ಒಮ್ಮೆ ಆದರೂ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಈಗ ನಾನು ಹಿಂದಕ್ಕೆ ತಳ್ಳುವುದು ಊಟವನ್ನು. ಆರಕ್ಕೆ ಏಳುವವಳು ನಾನು. ಮಾತ್ರೆ ನುಂಗಿದ ಮೇಲೆ ಏಳೆಂಟು ಗಂಟೆ ಮಲಗಲು ಸಮಯ ಇರಬೇಕು ಅನ್ನುವುದು ನಿಯಮ, ಹಾಗಾಗಿ 11 ನನ್ನ ಕೊನೇ ಗಡಿ. ಅಲ್ಲಿಂದ ಹಿಂದೆ ಎಣಿಸಿ ಎಂಟರೊಳಗೆ ಊಟ ಮುಗಿಸುತ್ತೇನೆ. ಬಾಗಿಲು ಹಾಕಿ, ಹಲ್ಲುಜ್ಜಿ, ಹಾಸಿಗೆ ಮೇಲೆ ಕೂತು 10:30ಕ್ಕೆ ನೀರಿನ ಜೊತೆ ಮಾತ್ರೆ, ತಕ್ಷಣ ದೀಪ ಆರಿಸುವುದು. ಹೆಚ್ಚಿನ ರಾತ್ರಿ ಅರ್ಧ ಗಂಟೆಯೊಳಗೆ ನಿದ್ದೆ ಬಂದಿರುತ್ತದೆ. ಈ ಎರಡೂವರೆ ಗಂಟೆಯ ಅಂತರ ನನ್ನ ಅನುಭವದ್ದು. ಊಟದ ಜೊತೆಗೆ ಅಥವಾ ಊಟವಾದ ತಕ್ಷಣ ಬೇಡ ಅಂತಷ್ಟೇ ಮಾಹಿತಿ ಪತ್ರ ಹೇಳುತ್ತದೆ. ಸಕ್ಕರೆ ಕಾಯಿಲೆ ಇರುವವರು ಇದಕ್ಕಾಗಿ ಊಟ ಬಿಡುವ ಸಾಹಸ ಮಾಡಬೇಡಿ, ಸಮಯವನ್ನು ಡಾಕ್ಟರ್ ಹತ್ತಿರವೇ ಕೇಳಿ.

ಇನ್ನು ಸಮಾರಂಭದಿಂದ ಹತ್ತೂವರೆಗೆ ಹೊಟ್ಟೆ ತುಂಬಿಸಿಕೊಂಡು ಬಂದ ರಾತ್ರಿ? ಹೊಟ್ಟೆ ಹಗುರಾಗುವ ತನಕ ಕಾದರೆ ರಾತ್ರಿ ಒಂದು ಗಂಟೆ ದಾಟುತ್ತದೆ, ಆಗ ಬೆಳಗಿಗೆ ಐದು ಗಂಟೆಯೂ ಉಳಿದಿರುವುದಿಲ್ಲ. ಈಗಲೇ ನುಂಗಿದರೆ ಹೊರಳಾಟ. ಅಂಥ ರಾತ್ರಿ ನಾನು ಮಾತ್ರೆ ಮುಟ್ಟುವುದೇ ಇಲ್ಲ. ಮದ್ಯ ಕುಡಿದ ರಾತ್ರಿಯೂ ಅಷ್ಟೇ, ಅದಂತೂ ಬೇರೆ ಮಾತೇ ಇಲ್ಲ.

ಕೆಲವು ತಿಂಗಳು ಇದರದೇ ಸಿ.ಆರ್. ಮಾತ್ರೆ ಕೊಟ್ಟಿದ್ದರು, ರಾತ್ರಿಯಿಡೀ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಊಟದ ವಿಷಯದಲ್ಲಿ ಅದು ಇನ್ನೂ ಹಟಮಾರಿ. ತುಂಬಿದ ಹೊಟ್ಟೆಯಲ್ಲಿ ಅದರ ತುದಿ ಎರಡು ಗಂಟೆಯಿಂದ ನಾಲ್ಕಕ್ಕೆ ಜರುಗುತ್ತದೆ. ಬೇಗ ಕೆಲಸ ಮಾಡಲಿ ಅಂತ ಅದನ್ನು ಮುರಿಯುವುದು, ಅಗಿಯುವುದು ಮಾಡಬಾರದು. ನನಗೆ ಹೊಂದಲಿಲ್ಲ, ಬಿಟ್ಟೆ.

ಈಗ ಅಂಕ ಐದರಲ್ಲಿ ಮೂರೂವರೆ. ಕಂಪನಿಯ ಡಬ್ಬಿಯ ಮೇಲೆ ಊಟದ ವಿಷಯ ಒಂದಕ್ಷರ ಇರಲಿಲ್ಲ, ಒಳಗಿನ ಚೀಟಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಅದಕ್ಕೇ ಅರ್ಧ ಅಂಕ ಕತ್ತರಿಸಿದ್ದೇನೆ.